ತೂಗುವ ಸರಪಳಿಯ ಉದ್ದ: ಆ ವರ್ಗಮೂಲ ಎಲ್ಲಿ ಕರಗಿತು?

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿನಿ. ವಕ್ರರೇಖೆಯ ಉದ್ದ ಕಂಡುಹಿಡಿಯುವ ಲೆಕ್ಕಗಳಲ್ಲಿ ಹೆಚ್ಚಿನವು ವರ್ಗಮೂಲದಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ತೂಗುವ ಸರಪಳಿಯದು, ಅಂದರೆ y = a cosh(x/a), ಮಾತ್ರ ಎರಡೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಇದು ಆಕಸ್ಮಿಕವೋ, ಲೆಕ್ಕ ಸುಲಭವಾಗಲಿ ಎಂದು ಆರಿಸಿಕೊಂಡದ್ದೋ? ಇನ್ನೊಂದು ಸಂದೇಹ: 20 ಮೀಟರ್ ಅಂತರದ ಎರಡು ಕಂಬಗಳ ನಡುವೆ ಸರಪಳಿ ಕಟ್ಟಿ, ನಡುಮಧ್ಯದಲ್ಲಿ 3 ಮೀಟರ್ ಜೋಲು ಬರಬೇಕು ಎಂದರೆ ಎಷ್ಟು ಉದ್ದದ ಸರಪಳಿ ತರಬೇಕು? ಪುಸ್ತಕದ ಲೆಕ್ಕದಲ್ಲಿ a ಕೊಟ್ಟಿರುತ್ತಾರೆ. ನನಗೆ ಅದು ಎಲ್ಲಿಂದ ಸಿಗಬೇಕು?

ಉತ್ತರ:

ಎರಡೂ ಅಲ್ಲ. ಆ ವರ್ಗಮೂಲವನ್ನು ಕರಗಿಸಿದ್ದು ಸರಪಳಿಯ ತೂಕ. ಪಠ್ಯಪುಸ್ತಕಗಳು ಈ ವಿಷಯವನ್ನು ಹಿಂದುಮುಂದಾಗಿ ಹೇಳುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಮೊದಲು cosh ಕೊಟ್ಟು, ಆಮೇಲೆ ಉದ್ದ ಕೇಳುತ್ತಾರೆ. ಸರಪಳಿಯ ಕಡೆಯಿಂದ ನೋಡಿದರೆ ಉದ್ದವೇ ಮೊದಲು ಬರುತ್ತದೆ, cosh ಅದರ ಹಿಂದೆ ಬರುತ್ತದೆ.

ನೀವು ತರಗತಿಯಲ್ಲಿ ಮಾಡಿದ ಎರಡು ಸಾಲನ್ನು ಒಮ್ಮೆ ಬರೆದುಕೊಳ್ಳೋಣ, ಮುಂದೆ ಬೇಕಾಗುತ್ತದೆ. ವಕ್ರರೇಖೆಯ ಸಣ್ಣ ತುಣುಕಿನ ಉದ್ದ √(1 + y′²) dx. ಇಲ್ಲಿ y′ ಎಂದರೆ sinh(x/a). ಹೈಪರ್ಬೋಲಿಕ್ ಫಲನಗಳಿಗೆ 1 + sinh² = cosh² ಎಂಬ ಸಂಬಂಧ ಇರುವುದರಿಂದ ವರ್ಗಮೂಲದೊಳಗೆ ಪೂರ್ಣ ವರ್ಗವೇ ಕೂತಿರುತ್ತದೆ. ಹೊರಬರುವುದು cosh(x/a). ಅದನ್ನು ಅನುಕಲಿಸಿದರೆ, ಅತಿ ಕೆಳಗಿನ ಬಿಂದುವಿನಿಂದ x ವರೆಗಿನ ಉದ್ದ

s = a sinh(x/a)

ಈಗ ಈ ಉತ್ತರವನ್ನು y′ ಪಕ್ಕದಲ್ಲಿಟ್ಟು ನೋಡಿ. y′ = sinh(x/a), s = a sinh(x/a). ಅಂದರೆ y′ = s/a. ಸರಪಳಿಯ ಯಾವುದೇ ಬಿಂದುವಿನಲ್ಲಿ ಅದರ ಇಳಿಜಾರು, ತಳದಿಂದ ಆ ಬಿಂದುವಿನವರೆಗೆ ಸರಪಳಿಯ ಉದ್ದ ಎಷ್ಟಿದೆಯೋ ಅದಕ್ಕೆ ನೇರ ಅನುಪಾತದಲ್ಲಿದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇರುವುದು ಈ ಪುಟ್ಟ ಸಮೀಕರಣದಲ್ಲಿ. ಇದನ್ನು ಕಂಡುಕೊಳ್ಳಲು cosh ಬೇಡ, ಅನುಕಲನವೂ ಬೇಡ. ಬಲಗಳ ಸಮತೋಲನ ಸಾಕು.

ಸರಪಳಿಯ ಅತಿ ಕೆಳಗಿನ ಬಿಂದುವನ್ನು O ಎನ್ನೋಣ, ಬಲಕ್ಕೆ ಸ್ವಲ್ಪ ಮೇಲಿನ ಯಾವುದೋ ಬಿಂದುವನ್ನು P ಎನ್ನೋಣ. O ಇಂದ P ವರೆಗಿನ ತುಂಡನ್ನು ಮಾತ್ರ ಮನಸ್ಸಿನಲ್ಲಿ ಕತ್ತರಿಸಿ ತೆಗೆಯಿರಿ. ಅದರ ಮೇಲೆ ಮೂರೇ ಬಲಗಳಿವೆ. O ದಲ್ಲಿ ಎಡಗಡೆಯ ಸರಪಳಿ ಅದನ್ನು ಎಳೆಯುತ್ತಿದೆ. ಅಲ್ಲಿ ಸರಪಳಿ ಸಮತಟ್ಟಾಗಿರುವುದರಿಂದ ಆ ಎಳೆತ ಪೂರ್ತಿ ಅಡ್ಡಕ್ಕೇ ಇದೆ, ಅದನ್ನು H ಎಂದು ಕರೆಯೋಣ. P ಯಲ್ಲಿ ಮೇಲಿನ ಸರಪಳಿ ಓರೆಯಾಗಿ ಎಳೆಯುತ್ತಿದೆ. ಮೂರನೆಯದು ತುಂಡಿನ ತೂಕ. ಪ್ರತಿ ಮೀಟರಿಗೆ ತೂಕ w ಆದರೆ, s ಮೀಟರ್ ತುಂಡಿನ ತೂಕ ws, ನೇರ ಕೆಳಕ್ಕೆ.

ತುಂಡು ಅಲ್ಲಾಡದೆ ನಿಂತಿದೆ. ಹಾಗಾಗಿ P ಯಲ್ಲಿನ ಎಳೆತದ ಅಡ್ಡ ಭಾಗ H ಗೆ ಸಮವಾಗಿರಬೇಕು, ಲಂಬ ಭಾಗ ws ಗೆ ಸಮವಾಗಿರಬೇಕು. ಸರಪಳಿಗೆ ಬಾಗಲು ಪ್ರತಿರೋಧವೇ ಇಲ್ಲದ್ದರಿಂದ ಎಳೆತ ಯಾವಾಗಲೂ ಅದರ ಓಟದ ದಿಕ್ಕಿನಲ್ಲೇ ಇರುತ್ತದೆ. ಆದ್ದರಿಂದ P ಯಲ್ಲಿ ಇಳಿಜಾರು ಎಂದರೆ ಲಂಬ ಭಾಗವನ್ನು ಅಡ್ಡ ಭಾಗದಿಂದ ಭಾಗಿಸಿದ್ದು:

y′ = ws/H = s/a, ಇಲ್ಲಿ a = H/w

ಇಷ್ಟೇ. ಕೆಳಗೆ ಎಷ್ಟು ಉದ್ದದ ಸರಪಳಿಯನ್ನು ಹೊರಬೇಕೋ ಅದಕ್ಕೆ ತಕ್ಕಂತೆ ಇಳಿಜಾರು ಏರುತ್ತದೆ. s = a y′ ಎಂದು ತಿರುಗಿಸಿ ಬರೆದರೆ ಉದ್ದದ ಸೂತ್ರವೇ ಆಯಿತು. ಆಕಾರ ಇನ್ನೂ ಏನೆಂದು ಗೊತ್ತಾಗುವ ಮೊದಲೇ ಉದ್ದ ಕೈಗೆ ಸಿಕ್ಕಿದೆ.

ಇನ್ನು ಆ ವರ್ಗಮೂಲ. y′ = s/a ಎಂಬುದರ ಎರಡೂ ಬದಿಯನ್ನು x ಗೆ ಅವಕಲಿಸಿ. ಎಡಕ್ಕೆ y″ ಬರುತ್ತದೆ. ಬಲಕ್ಕೆ ಬರುವುದು s ನ ಅವಕಲನ, ಅದು √(1 + y′²) ಅಲ್ಲದೆ ಬೇರೇನೂ ಅಲ್ಲ:

√(1 + y′²) = a y″

ನಿಮ್ಮನ್ನು ಬೇರೆ ಲೆಕ್ಕಗಳಲ್ಲಿ ಕಾಡುವ ವರ್ಗಮೂಲವೇ ಇದು. ಸರಪಳಿಯ ವಿಷಯದಲ್ಲಿ ಅದು ಇನ್ನೊಂದು ಫಲನದ ಅವಕಲನವಾಗಿಯೇ ಹುಟ್ಟಿದೆ. a y″ ಅನ್ನು ಅನುಕಲಿಸಿದರೆ a y′, ಬೇರೆ ಕೆಲಸವೇ ಇಲ್ಲ. 1 + sinh² = cosh² ಎಂಬ ಗುರುತಿನಿಂದಾಗಿ ಉದ್ದ ಸುಲಭವಾಯಿತು ಎಂದು ನಾವು ಹೇಳುತ್ತೇವೆ. ನಿಜದಲ್ಲಿ, ಉದ್ದವೂ ಇಳಿಜಾರೂ ಹೀಗೆ ಹೊಂದಿಕೊಳ್ಳಬೇಕು ಎಂದು ತೂಕ ಒತ್ತಾಯಿಸಿತು. ಆ ಒತ್ತಾಯವನ್ನು ಪೂರೈಸುವ ಫಲನವನ್ನು ಹುಡುಕುತ್ತ ಹೋದಾಗ sinh ಸಿಕ್ಕಿತು, ಅದನ್ನು ಅನುಕಲಿಸಿದಾಗ cosh ಬಂತು.

ಚರಿತ್ರೆಯೂ ಇದೇ ಕ್ರಮದಲ್ಲಿ ನಡೆದಿದೆ. ತೂಗುವ ಸರಪಳಿ ಹೆಚ್ಚುಕಡಿಮೆ ಪರವಲಯದಂತೆ ಕಾಣುತ್ತದೆ ಎಂದು ಗೆಲಿಲಿಯೊ 1638ರ ಪುಸ್ತಕದಲ್ಲಿ ಬರೆದಿದ್ದ. ಅದು ಪರವಲಯ ಆಗಿರಲಾರದು ಎಂದು 1646ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದ ಹೈಗೆನ್ಸ್ ತೋರಿಸಿದ. ಹಾಗಾದರೆ ಯಾವುದು ಎಂದು ಆಗ ಹೇಳಲಾಗಲಿಲ್ಲ. 1690ರಲ್ಲಿ ಯಾಕೋಬ್ ಬರ್ನೂಲಿ ಈ ಪ್ರಶ್ನೆಯನ್ನು ಸವಾಲಾಗಿ ಎತ್ತಿದ. ಮರುವರ್ಷ ಲೈಬ್ನಿಟ್ಸ್, ಹೈಗೆನ್ಸ್ ಮತ್ತು ಯಾಕೋಬನ ತಮ್ಮ ಯೊಹಾನ್ ಬರ್ನೂಲಿ, ಮೂವರೂ ಬೇರೆಬೇರೆಯಾಗಿ ಉತ್ತರ ಕೊಟ್ಟರು. ಆಗ cosh ಎಂಬ ಹೆಸರೂ ಇರಲಿಲ್ಲ, ಚಿಹ್ನೆಯೂ ಇರಲಿಲ್ಲ. ಹೈಪರ್ಬೋಲಿಕ್ ಫಲನಗಳು ಅಂಥವಾಗಿ ರೂಢಿಗೆ ಬಂದದ್ದು 18ನೇ ಶತಮಾನದಲ್ಲಿ, ರಿಕ್ಕಾಟಿ ಮತ್ತು ಲ್ಯಾಂಬರ್ಟ್ ಅವರ ಕೆಲಸದಿಂದ. ಯೊಹಾನ್ ಹೊರಟದ್ದು ಇಳಿಜಾರು s/a ಎಂಬಲ್ಲಿಂದಲೇ. cosh ಗೊತ್ತಿಲ್ಲದವರಿಗೂ ಸರಪಳಿಯ ಉದ್ದ ಮೊದಲೇ ದಕ್ಕಿತ್ತು ಎಂಬುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಲೆಕ್ಕ ಸುಲಭವಾಗಲಿ ಎಂದು ಆರಿಸಿದ್ದೇ ಎಂಬ ನಿಮ್ಮ ಅನುಮಾನಕ್ಕೂ ಒಂದು ನೆಲೆಯಿದೆ. ನಿಮ್ಮ ಅಭ್ಯಾಸದ ಲೆಕ್ಕಗಳಲ್ಲಿ y = x³/6 + 1/(2x) ತರಹದ್ದೊಂದು ಇದ್ದೇ ಇರುತ್ತದೆ. ಅದರ y′ ಎಂದರೆ x² ಮತ್ತು 1/x² ಗಳ ವ್ಯತ್ಯಾಸದ ಅರ್ಧ. ವರ್ಗ ಮಾಡಿ 1 ಕೂಡಿದರೆ, ಅದೇ ಎರಡರ ಮೊತ್ತದ ಅರ್ಧದ ವರ್ಗ ಆಗಿಬಿಡುತ್ತದೆ. ಅಂಥ ಲೆಕ್ಕವನ್ನು ನಿಜಕ್ಕೂ ಕೂತು ತಯಾರಿಸಿರುತ್ತಾರೆ. ಗುಟ್ಟು ಒಂದೇ: y′ ಅನ್ನು (p − 1/p)/2 ರೂಪದಲ್ಲಿ ಇಟ್ಟರೆ ವರ್ಗಮೂಲ (p + 1/p)/2 ಆಗಿ ಬಿಡುಗಡೆ ಆಗುತ್ತದೆ. p ಜಾಗದಲ್ಲಿ x² ಇಟ್ಟರೆ ಆ ಅಭ್ಯಾಸದ ಲೆಕ್ಕ. e^(x/a) ಇಟ್ಟರೆ sinh ಮತ್ತು cosh, ಅಂದರೆ ನಮ್ಮ ಸರಪಳಿ. ಬೀಜಗಣಿತದ ಮಟ್ಟಿಗೆ ಎರಡೂ ಒಂದೇ ಜಾತಿ. ಆದರೆ ಮೊದಲನೆಯದನ್ನು ಪ್ರಶ್ನೆಪತ್ರಿಕೆಯವರು ಆರಿಸಿದ್ದು, ಎರಡನೆಯದನ್ನು ಎರಡು ಮೊಳೆಗೆ ನೇತುಹಾಕಿದ ಯಾವ ಸರಪಳಿಯಾದರೂ ತಾನೇ ಆರಿಸಿಕೊಳ್ಳುತ್ತದೆ. ನೋಡಲು ಇದಕ್ಕಿಂತ ಸರಳವಾದ ಪರವಲಯದ ಉದ್ದಕ್ಕೆ ಲಾಗರಿದಮ್ ಸೇರಿದ ಉದ್ದನೆಯ ಸೂತ್ರ ಬರುತ್ತದೆ. ದೀರ್ಘವೃತ್ತದ ಉದ್ದಕ್ಕಂತೂ ನಮಗೆ ಗೊತ್ತಿರುವ ಸಾಮಾನ್ಯ ಫಲನಗಳಲ್ಲಿ ಸೂತ್ರವೇ ಇಲ್ಲ.

ಈಗ a. ನಿಮ್ಮ ಎರಡನೇ ಪ್ರಶ್ನೆ ನಿಂತಿರುವುದು ಇದರ ಮೇಲೆ.

a = H/w ಎಂದರೆ, ತಳದ ಬಿಂದುವಿನಲ್ಲಿರುವ ಎಳೆತಕ್ಕೆ ಸಮನಾದ ತೂಕ ಇರುವ ಸರಪಳಿಯ ಉದ್ದ. ಅದು ಮೀಟರಿನಲ್ಲೇ ಇರುತ್ತದೆ. ಸರಪಳಿಯನ್ನು ಬಿಗಿದರೆ a ದೊಡ್ಡದಾಗುತ್ತದೆ, ಸಡಿಲ ಬಿಟ್ಟರೆ ಚಿಕ್ಕದಾಗುತ್ತದೆ. y = a cosh(x/a) ಎಂದು ಬರೆದಾಗ ತಳದ ಬಿಂದು y = a ಯಲ್ಲಿ ಬರುವುದರಿಂದ, ಹಲವರು a ಎಂದರೆ ನೆಲದಿಂದ ಸರಪಳಿಯ ಎತ್ತರ ಎಂದುಕೊಳ್ಳುತ್ತಾರೆ. ನೆಲಕ್ಕೂ ಅದಕ್ಕೂ ಸಂಬಂಧವಿಲ್ಲ. ಅದೇ ಸರಪಳಿಯನ್ನು ಕಂಬದ ಮೇಲೆ ಇನ್ನೂ ಐದು ಮೀಟರ್ ಎತ್ತರಕ್ಕೆ ಕಟ್ಟಿದರೂ a ಬದಲಾಗುವುದಿಲ್ಲ. ಸೂತ್ರ ಚೊಕ್ಕವಾಗಿ ಕಾಣಲಿ ಎಂದು ಅಕ್ಷವನ್ನು ತಳದಿಂದ a ಯಷ್ಟು ಕೆಳಗೆ ಎಳೆದುಕೊಂಡಿರುತ್ತೇವೆ, ಅಷ್ಟೇ. ಜೋಲನ್ನೇ a ಎಂದುಕೊಳ್ಳುವುದು ಇನ್ನೊಂದು ತಪ್ಪು. ಬಿಗಿಯಾದ ಸರಪಳಿಯಲ್ಲಿ ಜೋಲು ಚಿಕ್ಕದು, a ದೊಡ್ಡದು.

ಕಂಬಗಳ ಅಂತರದ ಅರ್ಧವನ್ನು b, ಜೋಲನ್ನು d ಎನ್ನೋಣ. ತುದಿಯಲ್ಲಿ y ಬೆಲೆ a cosh(b/a), ತಳದಲ್ಲಿ a. ಎರಡರ ವ್ಯತ್ಯಾಸವೇ ಜೋಲು:

d = a (cosh(b/a) − 1)

b = 10, d = 3 ಎಂದು ಇಟ್ಟು a ಬಿಡಿಸಲು ಹೊರಟರೆ ದಾರಿ ಮುಚ್ಚಿದೆ. a ಹೊರಗೂ ಇದೆ, cosh ಒಳಗೂ ಇದೆ; ಅದನ್ನು ಒಂಟಿಯಾಗಿ ಒಂದು ಬದಿಗೆ ತರುವ ಬೀಜಗಣಿತ ಇಲ್ಲ. ಉದ್ದದ ಅನುಕಲನ ಇಷ್ಟು ಚೆನ್ನಾಗಿ ಬಿಡಿಸಿಕೊಂಡರೂ ನಿಜವಾದ ಲೆಕ್ಕದಲ್ಲಿ ತೊಡಕು ಇಲ್ಲಿ ಎದುರಾಗುತ್ತದೆ. ಪುಸ್ತಕಗಳು a ಯನ್ನು ಮೊದಲೇ ಕೊಟ್ಟುಬಿಡುವುದು ಬಹುಶಃ ಇದೇ ಕಾರಣಕ್ಕೆ. ಆದರೆ ಕ್ಯಾಲ್ಕುಲೇಟರಿನಲ್ಲಿ ನಾಲ್ಕು ಸಲ ಪ್ರಯತ್ನಿಸಿದರೆ ಸಾಕು.

ಮೊದಲ ಊಹೆ ಪರವಲಯದಿಂದ ಬರಲಿ. b/a ಚಿಕ್ಕದಿದ್ದಾಗ cosh(b/a) − 1 ಎಂಬುದು ಸುಮಾರು b²/(2a²) ಆಗುವುದರಿಂದ, a ಸುಮಾರು b²/(2d). ನಮ್ಮ ಲೆಕ್ಕದಲ್ಲಿ 100/6, ಅಂದರೆ 16.67. ಇದನ್ನು ಸೂತ್ರದಲ್ಲಿ ಹಾಕಿದರೆ ಜೋಲು 3.09 ಮೀಟರ್ ಬರುತ್ತದೆ. ಸ್ವಲ್ಪ ಹೆಚ್ಚಾಯಿತು, ಸರಪಳಿಯನ್ನು ತುಸು ಬಿಗಿಯಬೇಕು, ಅಂದರೆ a ಏರಬೇಕು. a = 17 ಇಟ್ಟರೆ ಜೋಲು 3.027. a = 17.2 ಇಟ್ಟರೆ 2.990. ನಮಗೆ ಬೇಕಾದ 3 ಇವೆರಡರ ನಡುವೆ ಇದೆ. 0.2 ಏರಿದ್ದಕ್ಕೆ ಜೋಲು 0.037 ಇಳಿದಿದೆ, ನಮಗೆ 0.027 ಇಳಿಯಬೇಕು; ಅನುಪಾತ ಹಾಕಿದರೆ a = 17.145. ಮತ್ತೆ ಸೂತ್ರದಲ್ಲಿ ಹಾಕಿ ನೋಡಿ, ಜೋಲು 3.000 ಬರುತ್ತದೆ.

ಇನ್ನು ಉದ್ದ. ಅರ್ಧ ಉದ್ದ s = a sinh(b/a). b/a ಎಂದರೆ 0.5833, ಅದರ sinh 0.6169, 17.145 ರಿಂದ ಗುಣಿಸಿದರೆ 10.577. ಇದು ಒಂದು ಬದಿ ಮಾತ್ರ. ಎರಡರಿಂದ ಗುಣಿಸುವುದನ್ನು ಮರೆಯುವವರು ಬಹಳ. ಪೂರ್ತಿ ಸರಪಳಿ 21.15 ಮೀಟರ್. ಕೊಂಡಿಗೆ ಸುತ್ತಲು ಬೇಕಾದದ್ದನ್ನು ಇದರ ಮೇಲೆ ಸೇರಿಸಿಕೊಳ್ಳಿ.

ಉತ್ತರ ಸರಿಯೇ ಎಂದು ತಾಳೆ ನೋಡಲು cosh ಇಲ್ಲದ ಒಂದು ದಾರಿ ಇದೆ. ತುದಿಯಲ್ಲಿ y = a + d. cosh² − sinh² = 1 ಎಂಬುದನ್ನು a² ಇಂದ ಗುಣಿಸಿದರೆ (a + d)² = a² + s². ಬಿಡಿಸಿದರೆ

s² = d² + 2ad

9 + 2 × 17.145 × 3 = 111.87, ವರ್ಗಮೂಲ 10.577. ತಾಳೆಯಾಯಿತು. ನೀವು ಕ್ಯಾಲ್ಕುಲೇಟರಿನಲ್ಲಿ cosh ಬದಲು cos ಒತ್ತಿದ್ದರೆ ಈ ತಾಳೆ ತಪ್ಪುತ್ತದೆ, ತಕ್ಷಣ ಗೊತ್ತಾಗುತ್ತದೆ. ಜೋಲು ಋಣ ಸಂಖ್ಯೆಯಾಗಿ ಬಂದರೂ ಅದೇ ಅರ್ಥ, ಏಕೆಂದರೆ cos ಎಂದೂ 1 ಅನ್ನು ಮೀರದು, cosh ಎಂದೂ 1ಕ್ಕಿಂತ ಕೆಳಗೆ ಬರದು.

ಈ (a + d)² = a² + s² ಗೆ ಭೌತಿಕ ಅರ್ಥವೂ ಇದೆ. ಎಲ್ಲವನ್ನೂ w ಇಂದ ಗುಣಿಸಿ ನೋಡಿ. wa ಎಂದರೆ ಅಡ್ಡ ಎಳೆತ H. ws ಎಂದರೆ ಅರ್ಧ ಸರಪಳಿಯ ತೂಕ, ಅಂದರೆ ಕಂಬದ ತುದಿಯಲ್ಲಿನ ಲಂಬ ಭಾಗ. ಹಾಗಾದರೆ w(a + d) ತುದಿಯಲ್ಲಿನ ಒಟ್ಟು ಎಳೆತವೇ ಆಗಬೇಕು. ಪೈಥಾಗೊರಸನ ತ್ರಿಕೋನ ಬಲಗಳದ್ದೂ ಹೌದು, ಉದ್ದಗಳದ್ದೂ ಹೌದು. ನಿಮ್ಮ ಸರಪಳಿ ಮೀಟರಿಗೆ 2 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ತಳದಲ್ಲಿ ಎಳೆತ 34.3 ಕಿಲೋ ತೂಕದಷ್ಟು, ಕಂಬದ ಕೊಂಡಿಯ ಮೇಲೆ 2 × 20.145, ಅಂದರೆ 40.3 ಕಿಲೋ ತೂಕದಷ್ಟು. ಇಡೀ ಸರಪಳಿಯ ತೂಕ 42.3 ಕಿಲೋ ಇರುವಾಗ ಒಂದೊಂದು ಕೊಂಡಿಯೂ ಹೆಚ್ಚುಕಡಿಮೆ ಅಷ್ಟೇ ಎಳೆತ ತಾಳಬೇಕು. ತೂಕ ಅರ್ಧರ್ಧ ಹಂಚಿಹೋಗುತ್ತದೆ ಎಂದು 21 ಕಿಲೋಗೆ ಸಾಕಾಗುವ ಕೊಂಡಿ ಹಾಕಿದರೆ ಅದು ಕಿತ್ತುಬರುತ್ತದೆ, ಅಡ್ಡ ಎಳೆತ ಕಂಬವನ್ನು ಒಳಕ್ಕೆ ಬಾಗಿಸುತ್ತದೆ.

ಗಮನಿಸಿ, w ಇಲ್ಲಿ ಎಳೆತ ಕೇಳಿದಾಗ ಮಾತ್ರ ಬಂತು. ಉದ್ದ, ಜೋಲು, ಆಕಾರ ಯಾವುದಕ್ಕೂ ಅದು ಬೇಕಾಗಲಿಲ್ಲ. ಅದೇ ಕಂಬಗಳ ನಡುವೆ ಅಷ್ಟೇ ಉದ್ದದ ದಪ್ಪ ಸರಪಳಿ ಕಟ್ಟಿದರೂ ತೆಳ್ಳಗಿನದು ಕಟ್ಟಿದರೂ ರೇಖೆ ಒಂದೇ. ದಪ್ಪದ್ದು w ಹೆಚ್ಚಿಸುತ್ತದೆ, ಅಷ್ಟೇ ಪ್ರಮಾಣದಲ್ಲಿ H ಕೂಡ ಹೆಚ್ಚುತ್ತದೆ, a ಹಾಗೇ ಉಳಿಯುತ್ತದೆ.

ಇಷ್ಟೆಲ್ಲ ಮಾಡುವ ಬದಲು ಪರವಲಯ ಎಂದೇ ಲೆಕ್ಕ ಹಾಕಿದ್ದರೆ ಎಷ್ಟು ತಪ್ಪುತ್ತಿತ್ತು? ಅದೇ 20 ಮೀಟರ್ ಅಂತರ, 3 ಮೀಟರ್ ಜೋಲಿನ ಪರವಲಯದ ಉದ್ದ 21.142 ಮೀಟರ್. ಸರಪಳಿಯದು 21.153. ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ವ್ಯತ್ಯಾಸ, ಅಷ್ಟೇ. ಗೆಲಿಲಿಯೊಗೆ ಅದು ಪರವಲಯದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಜೋಲು ಅಂತರದ ಏಳನೇ ಒಂದು ಭಾಗದಷ್ಟಿರುವಾಗಲೂ ಕಣ್ಣಿನಿಂದ ಎರಡನ್ನೂ ಬೇರ್ಪಡಿಸಲಾಗದು. ಜೋಲು ಅಂತರಕ್ಕೆ ಹತ್ತಿರ ಹತ್ತಿರ ಬಂದಾಗ ಮಾತ್ರ ಸರಪಳಿಯ ತಳ ಹೆಚ್ಚು ದುಂಡಗೂ ಬದಿಗಳು ಹೆಚ್ಚು ನೆಟ್ಟಗೂ ಕಾಣತೊಡಗುತ್ತವೆ.

ಪರವಲಯದ ಅಂದಾಜಿನಿಂದ ಬರುವ ಒಂದು ಸೂತ್ರವನ್ನಂತೂ ಕೈಯಲ್ಲಿಟ್ಟುಕೊಳ್ಳಿ. ಪೂರ್ತಿ ಅಂತರ S, ಪೂರ್ತಿ ಉದ್ದ L, ಜೋಲು d ಆದರೆ, ಜೋಲು ಹೆಚ್ಚಿಲ್ಲದಾಗ

L − S ≈ 8d²/(3S)

ಜೋಲು ವರ್ಗವಾಗಿ ಬಂದಿದೆ. ಹಾಗಾಗಿ ಉದ್ದದಲ್ಲಿ ಸಣ್ಣ ಹೆಚ್ಚಳವಾದರೂ ಜೋಲಿನಲ್ಲಿ ದೊಡ್ಡದಾಗಿ ಕಾಣುತ್ತದೆ. ನಿಮ್ಮ ಕಂಬಗಳ ನಡುವೆ 20 ಮೀಟರಿಗಿಂತ ಬರೀ 10 ಸೆಂಟಿಮೀಟರ್ ಉದ್ದದ ಸರಪಳಿ ಹಾಕಿದರೆ ಜೋಲು 87 ಸೆಂಟಿಮೀಟರ್. ಬೇಕಾದ ಜೋಲು ನಿಖರವಾಗಿ ಬರಲಿ ಎಂದರೆ ಉದ್ದವನ್ನು ಅಳೆಯುವುದರಲ್ಲಿ ಕೈ ಬಿಗಿಯಿರಬೇಕು. ವಿದ್ಯುತ್ ತಂತಿಗಳು ಬೇಸಿಗೆಯ ಮಧ್ಯಾಹ್ನ ಅಷ್ಟು ಕೆಳಗಿಳಿದು ಕಾಣುವುದರ ಹಿಂದೆಯೂ ಇದೇ ವರ್ಗ ಇದೆ: ಶಾಖಕ್ಕೆ ತಂತಿ ಉದ್ದವಾಗುವುದು ಕೆಲವೇ ಸೆಂಟಿಮೀಟರ್, ನಡುವೆ ಇಳಿಯುವುದು ಅದರ ಹಲವು ಪಟ್ಟು.

ಕೈಯಲ್ಲಿ ಸರಪಳಿ ಮೊದಲೇ ಇದ್ದು, ಜೋಲು ಎಷ್ಟು ಬರುತ್ತದೆ ಎಂದು ಕೇಳಿದರೂ ಇದೇ ದಾರಿ. 22 ಮೀಟರ್ ಸರಪಳಿ ಇದೆ ಎನ್ನಿ. ಆಗ a sinh(10/a) = 11 ಆಗುವಂಥ a ಹುಡುಕಬೇಕು. ಪ್ರಯತ್ನಿಸುತ್ತ ಹೋದರೆ 13.10 ಸಿಗುತ್ತದೆ, ಜೋಲು 4.0 ಮೀಟರ್. ಸರಪಳಿ 85 ಸೆಂಟಿಮೀಟರ್ ಹೆಚ್ಚಾಯಿತು, ಜೋಲು ಒಂದು ಮೀಟರ್ ಏರಿತು.

ಮೂರನೆಯ ಬಗೆಯ ಲೆಕ್ಕಕ್ಕೆ ಈ ಪ್ರಯತ್ನವೂ ಬೇಡ, ಅದನ್ನು ಹೇಳದೆ ಬಿಡಲು ಮನಸ್ಸಾಗುತ್ತಿಲ್ಲ. ಉದ್ದ ಮತ್ತು ಜೋಲು ಗೊತ್ತು, ಕಂಬಗಳನ್ನು ಎಷ್ಟು ದೂರ ನೆಡಬೇಕು ಎಂದು ಕೇಳಿದರೆ, s² = d² + 2ad ಇಂದ a ನೇರವಾಗಿ ಬರುತ್ತದೆ:

a = (s² − d²)/(2d)

ಆಮೇಲೆ b = a ln((s + d)/(s − d)). 40 ಮೀಟರ್ ಅರ್ಧ ಉದ್ದ, 30 ಮೀಟರ್ ಜೋಲು ಇಟ್ಟು ನೋಡಿ: a = 700/60 = 11.67, b = 11.67 × ln 7 = 22.7, ಕಂಬಗಳ ಅಂತರ 45.4 ಮೀಟರ್. ಒಂದೇ ಸಲಕ್ಕೆ ಮುಗಿಯಿತು. ಇದೇ ಲೆಕ್ಕದಲ್ಲಿ ಜೋಲನ್ನೂ 40 ಎಂದು ಕೊಟ್ಟು ಸಂದರ್ಶನಗಳಲ್ಲಿ ಕೇಳುವುದುಂಟು. ಅಲ್ಲಿ s − d ಸೊನ್ನೆ, ಸೂತ್ರ ಒಡೆದುಹೋಗುತ್ತದೆ. ಒಡೆಯುವುದೇ ಸರಿ. ಅರ್ಧ ಸರಪಳಿ ಪೂರ್ತಿ ಕೆಳಕ್ಕಿಳಿದಿದೆ ಎಂದರೆ ಅಡ್ಡಕ್ಕೆ ಹೋಗಲು ಅದರಲ್ಲಿ ಏನೂ ಉಳಿದಿಲ್ಲ, ಎರಡು ಕಂಬಗಳೂ ಒಂದೇ ಜಾಗದಲ್ಲಿವೆ.

ಕಟ್ಟಿದ ಮೇಲೆ ಪರೀಕ್ಷಿಸಲು ಕೋನ ಅಳೆಯುವುದು ಚೆನ್ನ. ತುದಿಯ ಇಳಿಜಾರು s/a, ಅಂದರೆ 10.577/17.145 = 0.617. ಕಂಬದ ಬಳಿ ಸರಪಳಿ ಅಡ್ಡಗೆರೆಯೊಂದಿಗೆ ಸುಮಾರು 31.7 ಡಿಗ್ರಿ ಓರೆಯಾಗಿರಬೇಕು. ತಿರುವಿ ಹೇಳುವುದಾದರೆ, ಉದ್ದ ಗೊತ್ತಿರುವ ಯಾವುದೇ ಸರಪಳಿಯ ತುದಿಯ ಕೋನವೊಂದನ್ನು ಅಳೆದರೆ a ಸಿಕ್ಕಿತು, ಅದರಿಂದ ಜೋಲು, ಎಳೆತ ಎಲ್ಲವೂ ಸಿಕ್ಕಿತು. ಅನುಕಲನವಿಲ್ಲ, ಪ್ರಯತ್ನ ಪರಿಷ್ಕರಣೆಯಿಲ್ಲ. y′ = s/a ಗಣಿತವಾಗಿ ಎಷ್ಟು ಚಂದವೋ ಮೈದಾನದಲ್ಲಿ ಅಷ್ಟೇ ಉಪಯೋಗಿ.

ಅಳತೆ ಮತ್ತು ಲೆಕ್ಕ ಹೊಂದದಿದ್ದರೆ ಮೂರು ಕಡೆ ನೋಡಿ. ಮೊದಲನೆಯದು, ಕಂಬಗಳ ತುದಿ ಒಂದೇ ಮಟ್ಟದಲ್ಲಿ ಇದೆಯೇ. ಇಲ್ಲದಿದ್ದರೆ ತಳದ ಬಿಂದು ನಡುವೆ ಇರುವುದಿಲ್ಲ, ಎರಡರಿಂದ ಗುಣಿಸಿದ್ದು ತಪ್ಪು. ಎರಡು ತುದಿಗಳ ಎತ್ತರದ ವ್ಯತ್ಯಾಸ v ಆದರೆ

√(L² − v²) = 2a sinh(S/(2a))

ಎಂಬ ಸಂಬಂಧ ಹಿಡಿದು a ಹುಡುಕಬೇಕು. v ಸೊನ್ನೆಯಾದರೆ ಇದು ನಮ್ಮ ಹಳೆಯ ಸೂತ್ರವೇ. ಎರಡನೆಯದು, ಕಟ್ಟಿರುವುದು ನಿಜವಾಗಿ ಸರಪಳಿಯಂತೆ ಬಾಗುವ ವಸ್ತುವೇ. ದಪ್ಪ ಉಕ್ಕಿನ ತಂತಿ ಬಾಗಲು ಒಪ್ಪುವುದಿಲ್ಲ, ಕೊಂಡಿಯ ಹತ್ತಿರ ಅದರ ಕೋನ ನಮ್ಮ ಲೆಕ್ಕಕ್ಕಿಂತ ಬೇರೆ ಇರುತ್ತದೆ. ರಬ್ಬರಿನ ಹುರಿ ತನ್ನ ತೂಕಕ್ಕೇ ಹಿಗ್ಗುತ್ತದೆ, ಮೀಟರಿಗೆ ತೂಕ ಎಲ್ಲೆಡೆ ಒಂದೇ ಎಂಬ ನಮ್ಮ ಮಾತು ಅಲ್ಲಿ ಸುಳ್ಳಾಗುತ್ತದೆ.

ಮೂರನೆಯದು, ಸರಪಳಿ ತನ್ನ ತೂಕ ಬಿಟ್ಟು ಬೇರೇನನ್ನಾದರೂ ಹೊತ್ತಿದೆಯೇ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು ಹೊಳೆಗಳ ಮೇಲೆ ಕಟ್ಟಿದಂಥ ತೂಗುಸೇತುವೆಯನ್ನು ನೋಡಿದ್ದರೆ, ಮೇಲಿನ ಹಗ್ಗದಿಂದ ಸಾಲಾಗಿ ಇಳಿಬಿಟ್ಟ ಸರಳುಗಳು ನಡೆಯುವ ಹಾಸನ್ನು ಹಿಡಿದಿರುವುದನ್ನು ಗಮನಿಸಿರುತ್ತೀರಿ. ಅಲ್ಲಿ ಹಗ್ಗದ ಮೇಲಿನ ಭಾರ ಹೆಚ್ಚಾಗಿ ಹಾಸಿನದ್ದು. ಅದು ಹಗ್ಗದ ಉದ್ದಕ್ಕೆ ತಕ್ಕಂತೆ ಹಂಚಿಲ್ಲ, ಅಡ್ಡ ದೂರಕ್ಕೆ ತಕ್ಕಂತೆ ಹಂಚಿದೆ. ನಾವು ಮಾಡಿದ ಸಮತೋಲನದಲ್ಲಿ ws ಜಾಗಕ್ಕೆ wx ಬರುತ್ತದೆ, ಇಳಿಜಾರು x/a ಆಗುತ್ತದೆ, ಅನುಕಲಿಸಿದರೆ ಪರವಲಯ. s ಹೋಗಿ x ಬಂದದ್ದೇ ತಡ, ವರ್ಗಮೂಲ √(1 + x²/a²) ಆಗಿ ಗಟ್ಟಿಯಾಗಿ ಕೂರುತ್ತದೆ. ಆ ಹಗ್ಗದ ಉದ್ದಕ್ಕೆ ಲಾಗರಿದಮ್ ಇರುವ ಸೂತ್ರವನ್ನೇ ಬಳಸಬೇಕು, ಅಥವಾ ಜೋಲು ಕಡಿಮೆಯಿದ್ದರೆ ಮೇಲಿನ 8d²/(3S) ಅಂದಾಜು ಸಾಕು.